ಸಾಮಾಜಿಕ ಜಾಲತಾಣ ನೀತಿಯಲ್ಲಿ ‘ಸೂಕ್ತ ಕ್ರಮ’ದ ಬದಲು ಏನು ಬರೆಯಬೇಕು?

ಪ್ರಶ್ನೆ (ಮಾನವ ಸಂಪನ್ಮೂಲ ಅಧಿಕಾರಿ): ನಮ್ಮ ನೀತಿಯಲ್ಲಿ ಹೀಗಿದೆ: “ಸಂಸ್ಥೆಯ ಘನತೆಗೆ ಧಕ್ಕೆ ತರುವ ಬರಹ ಪ್ರಕಟಿಸಿದವರು ಸೂಕ್ತ ಕ್ರಮ ಎದುರಿಸಬೇಕಾಗುತ್ತದೆ. ನಿಮ್ಮ ಖಾತೆಗಳು ನಮ್ಮ ಗಮನದಲ್ಲಿವೆ ಎಂಬುದು ನೆನಪಿರಲಿ.” ಹೊಸಬರು ಓದಿ ಹೆದರುತ್ತಾರೆ. ತೆಗೆದರೆ ಹಿಡಿತ ತಪ್ಪುತ್ತದೆ ಎನ್ನುತ್ತದೆ ಆಡಳಿತ. ಹೇಗೆ ತಿದ್ದಲಿ?

ಉತ್ತರ (ಕಾರ್ಮಿಕ ಕಾನೂನು ಸಲಹೆಗಾರ್ತಿ): ‘ಘನತೆಗೆ ಧಕ್ಕೆ’ ಎಂದರೆ ನಿಜವಾಗಿ ಯಾವ ಹಾನಿ ಎಂದು ಆಡಳಿತವನ್ನೇ ಕೇಳಿ. ಗ್ರಾಹಕರ ಮಾಹಿತಿ ಹೊರಹೋಗುವುದು, ಉದ್ಯೋಗಿಯ ಮಾತನ್ನು ಜನ ಸಂಸ್ಥೆಯ ಮಾತೆಂದು ನಂಬುವುದು, ಸಹೋದ್ಯೋಗಿಗೆ ಕಿರುಕುಳ: ಉತ್ತರ ಬಹುತೇಕ ಇಷ್ಟರಲ್ಲೇ ನಿಲ್ಲುತ್ತದೆ. ಉಳಿದದ್ದು ಟೀಕೆಯ ಭಯ. ಅದಕ್ಕೆ ನಿಯಮ ಬೇಡ.

ಮೊದಲನೆಯದನ್ನು ನಾನಾದರೆ ಹೀಗೆ ಬರೆಯುತ್ತೇನೆ: “ಗ್ರಾಹಕರ ಗುರುತು ಸಿಗುವಂತಹ ವಿವರ ಹಂಚಿಕೊಳ್ಳಬೇಡಿ, ಅವರು ಅದನ್ನು ಕೊಟ್ಟಿರುವುದು ಸೇವೆ ಪಡೆಯಲು ಮಾತ್ರ. ‘ದಿನವಿಡೀ ದೂರಿನ ಕರೆಗಳು, ಸುಸ್ತಾಗಿದ್ದೇನೆ’ ಎಂದು ಬರೆಯಬಹುದು. ‘ನಿನ್ನೆ ಮೂರನೇ ಬಾರಿ ಹಣ ವಾಪಸ್ ಕೇಳಿದ ಆ ಹೃದ್ರೋಗ ತಜ್ಞರು’ ಎಂದರೆ ಹೆಸರಿಲ್ಲದಿದ್ದರೂ ಬಲ್ಲವರಿಗೆ ತಿಳಿಯುತ್ತದೆ, ಅದು ಬೇಡ.” ಉದಾಹರಣೆಗಳು ಹೀಗೆ ಗಡಿಯ ಹತ್ತಿರ ಇರಬೇಕು. ‘ಪಾಸ್‌ವರ್ಡ್ ಪ್ರಕಟಿಸಬೇಡಿ’ ಎಂಬುದರಿಂದ ಯಾರಿಗೂ ಹೊಸದೇನೂ ತಿಳಿಯುವುದಿಲ್ಲ.

‘ಸೂಕ್ತ ಕ್ರಮ’ ಎಂಬಲ್ಲಿ ನಡೆಯುವುದನ್ನೇ ಬರೆಯಿರಿ: ಬರಹವನ್ನು ಯಾರು ಪರಿಶೀಲಿಸುತ್ತಾರೆ, ಉದ್ಯೋಗಿಯ ಮಾತನ್ನು ಯಾವಾಗ ಕೇಳುತ್ತಾರೆ, ಅಳಿಸಲು ಹೇಳಿದರೆ ಸಾಕಾಗುವುದು ಯಾವಾಗ, ಶಿಸ್ತುಕ್ರಮಕ್ಕೆ ಹೋಗುವುದು ಯಾವಾಗ. ಖಾತೆಗಳನ್ನು ನಿಜವಾಗಿ ಗಮನಿಸುತ್ತಿದ್ದರೆ ಏನನ್ನು, ಯಾಕೆ ಎಂದು ತಿಳಿಸಿ. ಗಮನಿಸದಿದ್ದರೆ ಆ ಸಾಲು ಬರಿಯ ಬೆದರಿಕೆ, ತೆಗೆದುಹಾಕಿ.

ಸದಸ್ಯ 1: ಇಷ್ಟೆಲ್ಲ ಯಾಕೆ? ಖಾತೆಯ ಪರಿಚಯದಲ್ಲಿ ‘ಅಭಿಪ್ರಾಯಗಳು ವೈಯಕ್ತಿಕ’ ಎಂದು ಎಲ್ಲರೂ ಹಾಕಿಕೊಂಡರೆ ಮುಗಿಯಿತು.

ಸಲಹೆಗಾರ್ತಿ: ಸಂಸ್ಥೆಯ ಮಾತೆಂಬ ಗೊಂದಲ ಅದರಿಂದ ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಆದರೆ ಸೋರಿದ ಮಾಹಿತಿ ವೈಯಕ್ತಿಕವಾಗುವುದಿಲ್ಲ, ಕಿರುಕುಳವೂ ಅಷ್ಟೇ.

ಸದಸ್ಯೆ 2: ಹೆಚ್ಚುವರಿ ಕೆಲಸದ ಹಣ ತಡವಾಗುತ್ತಿದೆ ಎಂದು ಸಹೋದ್ಯೋಗಿಗಳ ಗುಂಪಿನಲ್ಲಿ ಬರೆದದ್ದಕ್ಕೆ ನನಗೆ ನೋಟಿಸ್ ಬಂದಿದೆ. ಕ್ಷಮೆ ಕೇಳಲೇ?

ಸಲಹೆಗಾರ್ತಿ: ಅವಸರದಲ್ಲಿ ಏನನ್ನೂ ಬರೆದುಕೊಡಬೇಡಿ. ನೋಟಿಸ್ ಮತ್ತು ನೀತಿ ಎರಡನ್ನೂ ವಕೀಲರಿಗೆ ತೋರಿಸಿ. ಸಂಬಳ, ಕೆಲಸದ ಸ್ಥಿತಿಗತಿಗಳ ಬಗ್ಗೆ ಉದ್ಯೋಗಿಗಳು ತಮ್ಮೊಳಗೆ ಮಾತನಾಡುವುದಕ್ಕೆ ಹಲವು ದೇಶಗಳಲ್ಲಿ ಕಾನೂನಿನ ರಕ್ಷಣೆ ಇದೆ. ಅಮೆರಿಕದಲ್ಲಿ ಅದಕ್ಕೆ ಆಧಾರ 1935ರ ಕಾರ್ಮಿಕ ಸಂಬಂಧ ಕಾಯ್ದೆ. ಪ್ರಶ್ನೆ ಕೇಳಿದವರೂ ಗಮನಿಸಿ: “ಸಂಬಳ, ಕೆಲಸದ ವೇಳೆ, ಸುರಕ್ಷತೆಯ ಕುರಿತ ಮಾತಿಗೆ ಈ ನೀತಿ ಅಡ್ಡಿಯಲ್ಲ” ಎಂದು ನೀತಿಯಲ್ಲೇ ಸ್ಪಷ್ಟವಾಗಿ ಬರೆಯಿರಿ.

ಪ್ರಶ್ನೆ ಕೇಳಿದವರು: ಕರಡನ್ನು ಹೇಗೆ ಪರೀಕ್ಷಿಸಲಿ?

ಸಲಹೆಗಾರ್ತಿ: ಕೆಲವು ಕಲ್ಪಿತ ಬರಹಗಳನ್ನು ಇಬ್ಬರು ವ್ಯವಸ್ಥಾಪಕರಿಗೆ ಬೇರೆ ಬೇರೆಯಾಗಿ ಕೊಡಿ. ಅವರ ತೀರ್ಪು ಎಲ್ಲಿ ಬೇರೆಯಾಗುತ್ತದೋ ಅಲ್ಲಿ ನಿಯಮ ಇನ್ನೂ ಮಸುಕಾಗಿದೆ.

ಸದಸ್ಯ 1: ಬೇರೆಯವರ ಅವಹೇಳನಕಾರಿ ಬರಹಕ್ಕೆ ಲೈಕ್ ಒತ್ತಿದರೆ?

ಸಲಹೆಗಾರ್ತಿ: ಲೈಕನ್ನು ನಿಯಮದಿಂದ ಹೊರಗಿಡುವುದೇ ನನ್ನ ಒಲವು. ಸಹೋದ್ಯೋಗಿಯನ್ನೇ ಗುರಿಯಾಗಿಸಿದ ಬರಹವಾದರೆ ನನಗೂ ಅಷ್ಟು ಖಚಿತವಿಲ್ಲ.