ಪದಚರ್ಚೆ: ‘ಮೂಲ ಸ್ವರೂಪ’ವೋ ‘ಮೂಲಭೂತ ರಚನೆ’ಯೋ?

ಅನುವಾದಕಿ, ಮೈಸೂರು:
ನಮಸ್ಕಾರ. ಕೇಶವಾನಂದ ಭಾರತಿ ತೀರ್ಪಿನ ಬಗ್ಗೆ ಪದವಿ ವಿದ್ಯಾರ್ಥಿಗಳಿಗೆ ಒಂದು ಪಾಠ ಬರೆಯುತ್ತಿದ್ದೇನೆ. ಸಂಸತ್ತು ಸಂವಿಧಾನವನ್ನು ತಿದ್ದುವಾಗಲೂ ಕೈಹಾಕಬಾರದ ಆ ತಿರುಳಿಗೆ ‘ಮೂಲ ಸ್ವರೂಪ’, ‘ಮೂಲ ರಚನೆ’, ‘ಮೂಲಭೂತ ರಚನೆ’ ಎಂದೆಲ್ಲ ಬರೆಯುತ್ತಾರೆ. ಯಾವುದನ್ನು ಇಟ್ಟುಕೊಳ್ಳಲಿ?

ಶಿಕ್ಷಕರು, ಹಾಸನ:
‘ಮೂಲಭೂತ ರಚನೆ’ಯೇ ಸರಿ ಮೇಡಂ. ಮೂಲಭೂತ ಹಕ್ಕುಗಳನ್ನು ಸಂಸತ್ತು ಮುಟ್ಟುವಂತಿಲ್ಲ ಎಂದೇ ಅಲ್ಲವೇ ಆ ತೀರ್ಪು ಹೇಳಿದ್ದು?

ವಕೀಲರು, ಧಾರವಾಡ:
ಮೇಷ್ಟ್ರೇ, ಅದು 1967ರ ಗೋಲಕನಾಥ್ ತೀರ್ಪು. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಹಕ್ಕುಗಳ ವಿಧಿಗಳನ್ನೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಬದಲಿಸುವಂತಿಲ್ಲ ಎಂದು 7–6ರ ಬಹುಮತದಿಂದ ತೀರ್ಮಾನವಾಯಿತು. ‘ಮೂಲಭೂತ’ ಎಂದೊಡನೆ ಓದುಗರ ಮನಸ್ಸು ಹಕ್ಕುಗಳ ಕಡೆಗೇ ಹೋಗುತ್ತದೆ. ಆ ಪದ ಬೇಡ.

ನನ್ನ ಮತ ‘ಮೂಲ ಸ್ವರೂಪ’ಕ್ಕೆ. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಖನ್ನಾ ಅವರ ವಾದ ನಿಂತಿರುವುದೇ ತಿದ್ದುಪಡಿ ಎಂಬುದರ ಅರ್ಥದ ಮೇಲೆ: ತಿದ್ದಿದ ಮೇಲೂ ಹಳೆಯ ಸಂವಿಧಾನ ತನ್ನ ಗುರುತು ಕಳೆದುಕೊಳ್ಳದೆ ಉಳಿದಿರಬೇಕು.

ಬೆಂಗಳೂರಿನ ಮಿನರ್ವಾ ಮಿಲ್ ಮೊಕದ್ದಮೆಯನ್ನೂ ಪಾಠಕ್ಕೆ ಸೇರಿಸಿ. ತುರ್ತು ಪರಿಸ್ಥಿತಿಯಲ್ಲಿ ಬಂದ 42ನೇ ತಿದ್ದುಪಡಿ, ಸಂವಿಧಾನವನ್ನು ತಿದ್ದುವ ಅಧಿಕಾರ ಕೊಡುವ 368ನೇ ವಿಧಿಗೆ ಎರಡು ಖಂಡ ಸೇರಿಸಿತ್ತು. ಸಂಸತ್ತಿನ ತಿದ್ದುವ ಅಧಿಕಾರಕ್ಕೆ ಯಾವ ಮಿತಿಯೂ ಇಲ್ಲ, ಯಾವ ಕೋರ್ಟೂ ತಿದ್ದುಪಡಿಯನ್ನು ಪ್ರಶ್ನಿಸುವಂತಿಲ್ಲ ಎಂದು. 1980ರಲ್ಲಿ ಸುಪ್ರೀಂ ಕೋರ್ಟ್ ಎರಡನ್ನೂ ಹೊಡೆದುಹಾಕಿತು. ಮಿತಿಯಿಟ್ಟು ಕೊಟ್ಟ ಅಧಿಕಾರವನ್ನೇ ಬಳಸಿ ಆ ಮಿತಿಯನ್ನು ಅಳಿಸಿಕೊಳ್ಳಲಾಗದು. ಮಿತಿಯೂ ಮೂಲ ಸ್ವರೂಪದ ಭಾಗವೇ. ಇಷ್ಟು ಚೊಕ್ಕ ತರ್ಕ ನಮ್ಮ ಕಾನೂನಿನಲ್ಲಿ ಅಪರೂಪ.

ಕೃಷಿಕರು, ಕಾಸರಗೋಡು:
ಈ ಮೊಕದ್ದಮೆ ಹೂಡಿದ ಕೇಶವಾನಂದ ಭಾರತಿ ಸ್ವಾಮಿಗಳ ಎಡನೀರು ಮಠ ನಮಗೆ ಹತ್ತಿರವೇ. ಕೇರಳದ ಭೂಸುಧಾರಣೆಯಲ್ಲಿ ನಮ್ಮ ಅಜ್ಜನ ಗದ್ದೆಯೂ ಗೇಣಿಯವರ ಪಾಲಾಯಿತು. ಸ್ವಾಮಿಗಳು ಗೆದ್ದರು ಅಂತಾರಲ್ಲ, ಆ ತೀರ್ಪು ಹಿಡಿದು ನಾವೂ ಕೇಳಬಹುದಿತ್ತೇ?

ವಕೀಲರು, ಧಾರವಾಡ:
ಇಲ್ಲ ಸ್ವಾಮೀ. ತತ್ವ ಗೆದ್ದಿತು, ಭೂಮಿಯ ವಿಷಯದಲ್ಲಿ ಸ್ವಾಮಿಗಳಿಗೆ ಸೋಲೇ. ಕೇರಳದ ಆ ಕಾಯಿದೆಗಳನ್ನು, ಕೋರ್ಟಿನ ಪ್ರಶ್ನೆಯಿಂದ ಕಾಪಾಡಲೆಂದೇ ಮಾಡಿದ ಪಟ್ಟಿಯಾದ ಒಂಬತ್ತನೇ ಅನುಸೂಚಿಗೆ ಸೇರಿಸಿದ 29ನೇ ತಿದ್ದುಪಡಿಯನ್ನು ಅದೇ ಪೀಠ ಎತ್ತಿಹಿಡಿಯಿತು. ಆಸ್ತಿ ಹಕ್ಕು ಮೂಲ ಸ್ವರೂಪಕ್ಕೆ ಸೇರಿದ್ದಲ್ಲವೆಂದು ಖನ್ನಾ ಅವರೇ ಬರೆದರು.

ಅನುವಾದಕಿ, ಮೈಸೂರು:
ಹಾಗಾದರೆ ‘ಮೂಲ ಸ್ವರೂಪ’ ಎಂದೇ ಬರೆಯುತ್ತೇನೆ. ಜಾತ್ಯತೀತತೆ, ಒಕ್ಕೂಟ ವ್ಯವಸ್ಥೆ, ನ್ಯಾಯಾಂಗ ವಿಮರ್ಶೆ ಇಂಥ ಒಂದೊಂದನ್ನು ಹೇಳುವಾಗ ‘ಮೂಲ ಲಕ್ಷಣ’. ಇನ್ನೊಂದು ತೊಡಕಿದೆ. ‘ಮೂಲ ಸ್ವರೂಪಕ್ಕೆ ಧಕ್ಕೆ’ ಎಂದು ಎಲ್ಲರೂ ಬರೆಯುತ್ತಾರೆ. ಸಣ್ಣ ಏಟಿಗೂ ನಾವು ಧಕ್ಕೆ ಅನ್ನುತ್ತೇವಲ್ಲ?

ಶಿಕ್ಷಕರು, ಹಾಸನ:
‘ಭಂಗ’ ಆಗಬಹುದೇನೋ.

ವಕೀಲರು, ಧಾರವಾಡ:
ಭಂಗ ತುಸು ಹೆಚ್ಚಾಯಿತು. ಧಕ್ಕೆ ಕಡಿಮೆಯೆಂಬುದೂ ನಿಜ. ಎಷ್ಟು ಕೆಟ್ಟರೆ ಕೆಟ್ಟಂತೆ ಎಂಬುದನ್ನು ಕೋರ್ಟು ಒಂದೊಂದು ಮೊಕದ್ದಮೆಯಲ್ಲೂ ಹೊಸದಾಗಿ ಅಳೆಯುತ್ತದೆ. ಬೇರೆಯವರಿಗೆ ಒಳ್ಳೆಯ ಪದ ಹೊಳೆದರೆ ತಿಳಿಸಿ.