ಹಳೇ ಮ್ಯಾನೇಜರ್ ಹತ್ತಿರ ಶಿಫಾರಸು ಪತ್ರ ಕೇಳುವಾಗ ಮೇಲ್‌ನಲ್ಲಿ ಏನೇನು ಬರೆದಿರಿ?

ಕೇಳಿದವರು: ಮಾಸ್ಟರ್ಸ್ ಅರ್ಜಿಗೆ ಹಳೇ ಮ್ಯಾನೇಜರ್ ಹತ್ತಿರ ಶಿಫಾರಸು ಪತ್ರ ಕೇಳಬೇಕು. ನಾನು ಕೆಲಸ ಬಿಟ್ಟು 3 ವರ್ಷ ಆಯ್ತು, ಅವರೂ ಈಗ ಬೇರೆ ಕಂಪನಿಯಲ್ಲಿದ್ದಾರೆ. ಮಧ್ಯೆ ಮಾತೇ ಆಗಿಲ್ಲ. ಅವರಿಗೆ ಬರೆಯೋದು ಸುಲಭ ಆಗೋ ಹಾಗೆ ಏನೇನು ಕೊಡಬೇಕು?

ಟೀಮ್ ನಡೆಸಿದವರೊಬ್ಬರು: ನಾನು ಇಂಥ ಪತ್ರಗಳನ್ನು ಬರೆದುಕೊಟ್ಟಿದ್ದೇನೆ. ಪ್ರತಿ ಸಲ ಕೈ ಕಟ್ಟಿಹಾಕೋದು ಒಂದೇ ವಿಷಯ, ಮರೆವು. ಹುಡುಗಿ ಚೆನ್ನಾಗಿ ಕೆಲಸ ಮಾಡ್ತಿದ್ದಳು ಅಂತ ನೆನಪಿರುತ್ತದೆ, ಆದರೆ ಯಾವ ಕೆಲಸ, ಯಾವಾಗ ಅಂದರೆ ತಲೆ ಖಾಲಿ. ಆಗ "ಶ್ರಮಜೀವಿ, ಪ್ರಾಮಾಣಿಕ" ಅಂತ ಬರೆದು ಮುಗಿಸಬೇಕಾಗುತ್ತದೆ. ಅಂಥ ಪತ್ರದಿಂದ ನಿಮಗೆ ಉಪಯೋಗ ಇಲ್ಲ.

ಎರಡು ಮೇಲ್ ಮಾಡಿ. ಮೊದಲನೆಯದು ನಾಲ್ಕೈದು ಸಾಲು ಸಾಕು. ನೀವು ಯಾರು, ಯಾವ ಕೋರ್ಸ್, ಕೊನೆ ದಿನ ಯಾವಾಗ, ಬರೆಯಲು ಆಗುತ್ತದಾ. "ಸಮಯ ಇಲ್ಲದಿದ್ದರೆ ಅಥವಾ ನನ್ನ ಕೆಲಸ ಅಷ್ಟಾಗಿ ನೆನಪಿಲ್ಲದಿದ್ದರೆ ದಯವಿಟ್ಟು ಹೇಳಿ, ಬೇರೆಯವರನ್ನು ಕೇಳುತ್ತೇನೆ" ಅಂತ ಸೇರಿಸಿ. ಅರೆಮನಸ್ಸಿನಿಂದ ಒಪ್ಪಿಕೊಂಡವರ ಪತ್ರಕ್ಕಿಂತ ನೇರವಾಗಿ ಇಲ್ಲ ಅಂದರೇ ವಾಸಿ. ಕೊನೆ ದಿನಕ್ಕೆ ಒಂದು ತಿಂಗಳಾದರೂ ಮೊದಲು ಕೇಳಿ.

ಒಪ್ಪಿದ ಮೇಲೆ ಎರಡನೇ ಮೇಲ್. ನನಗೆ ಬಂದಿದ್ದರಲ್ಲಿ ತುಂಬಾ ಉಪಯೋಗವಾದದ್ದು ಹೆಚ್ಚುಕಡಿಮೆ ಹೀಗಿತ್ತು:

"ಸರ್, ಒಪ್ಪಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಾನು ನಿಮ್ಮ ಟೀಮ್‌ನಲ್ಲಿ 2019ರ ಜೂನ್‌ನಿಂದ 2021ರ ಆಗಸ್ಟ್‌ವರೆಗೆ ಇದ್ದೆ. ತಿಂಗಳ ಕೊನೆಯ ಬಿಲ್ಲಿಂಗ್ ರಿಪೋರ್ಟ್ ಲೆಕ್ಕ ತಾಳೆ ಆಗದೆ ಇಬ್ಬರು ಎರಡು ದಿನ ಕೂತು ಸರಿಮಾಡುತ್ತಿದ್ದೆವು. ಎರಡು ಸಿಸ್ಟಮ್‌ಗಳಲ್ಲಿ ತಾರೀಖು ಬರೆಯುವ ರೀತಿ ಬೇರೆ ಇತ್ತು, ಅದನ್ನು ಪತ್ತೆಹಚ್ಚಿ, ತಾಳೆ ನೋಡುವ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಆಮೇಲೆ ಅರ್ಧ ದಿನದಲ್ಲಿ ಮುಗಿಯುತ್ತಿತ್ತು. ಬೇರೆ ಟೀಮ್‌ಗೂ ತೋರಿಸು ಅಂತ ನೀವೇ ಕಳಿಸಿದ್ದಿರಿ. ಈ ಕೋರ್ಸ್ ಡೇಟಾಗೆ ಸಂಬಂಧಪಟ್ಟಿದ್ದು, ಹಾಗಾಗಿ ಈ ಘಟನೆ ಬಂದರೆ ಅನುಕೂಲ. ನನ್ನ ಓದಿನ ಬಗ್ಗೆ ಪ್ರೊಫೆಸರ್ ಬರೆಯುತ್ತಾರೆ."

"ನೀವೇ ಕಳಿಸಿದ್ದಿರಿ" ಅನ್ನೋ ಸಾಲು ಓದಿದ ತಕ್ಷಣ ಆ ದಿನದ ಮೀಟಿಂಗ್ ಕಣ್ಣ ಮುಂದೆ ಬಂತು. ನಾನು ಕಣ್ಣಾರೆ ಕಂಡದ್ದನ್ನು ಮಾತ್ರ ನಾನು ಬರೆಯಬಹುದು ಅಲ್ವಾ? ಹಾಗಾಗಿ ಅವರು ನೋಡಿರುವ ಘಟನೆಗಳನ್ನೇ ಆರಿಸಿ. ಎರಡು ಅಥವಾ ಮೂರು ಸಾಕು, ಹತ್ತು ಬೇಡ.

ಇನ್ನೊಬ್ಬರು: ಇಷ್ಟೆಲ್ಲ ಯಾಕೆ? ಪೂರ್ತಿ ಪತ್ರ ನೀವೇ ಬರೆದು ಕಳಿಸಿ, ಅವರು ಸಹಿ ಹಾಕಿದರೆ ಆಯ್ತು. ನಾನು ಹಾಗೇ ಮಾಡಿದ್ದು.

ಟೀಮ್ ನಡೆಸಿದವರು: ಅವರ ಕೆಲಸ ಕಮ್ಮಿ ಆಗುತ್ತೆ, ನಿಜ. ಆದರೆ ಪತ್ರ ಬರೆಯುವವರ ಸ್ವಂತ ಮಾತಲ್ಲೇ ಇರಬೇಕು ಅಂತ ಎಷ್ಟೋ ಕಡೆ ನಿಯಮ ಇದೆ. ಅರ್ಜಿಗೆ ನೀವು ಬರೆಯುವ ಪ್ರಬಂಧದ ಧಾಟಿಯೂ ಪತ್ರದ ಧಾಟಿಯೂ ಒಂದೇ ಇದ್ದರೆ ಓದುವವರಿಗೆ ಅನುಮಾನ ಬರುತ್ತದೆ. ವಿವರ ಕೊಡಿ, ವಾಕ್ಯ ಅವರದಾಗಲಿ.

ಮತ್ತೊಬ್ಬರು: ಎಚ್‌ಆರ್‌ಗೆ ಮೇಲ್ ಹಾಕಿದರೆ ಒಂದು ವಾರದಲ್ಲಿ ಕೊಡ್ತಾರೆ. ನನಗೆ ಲೆಟರ್‌ಹೆಡ್ ಮೇಲೆ ಸೀಲ್ ಹಾಕಿಯೇ ಕೊಟ್ಟರು.

ಕೇಳಿದವರು: ಅದು ಅನುಭವ ಪತ್ರ ಇರಬೇಕು, ನನ್ನ ಹತ್ತಿರ ಇದೆ. ಸೇರಿದ, ಬಿಟ್ಟ ತಾರೀಖನ್ನು ಅದನ್ನೇ ನೋಡಿ ಬರೆಯುತ್ತೇನೆ.

ಹೋದ ವರ್ಷ ಅರ್ಜಿ ಹಾಕಿದವರು: ನನಗಾದ ಪೆಟ್ಟು ಹೇಳ್ತೀನಿ. ನಮ್ಮ ಮೇಡಂ ಒಪ್ಪಿಕೊಂಡಿದ್ದರು, ನಾನು ನಿಶ್ಚಿಂತೆಯಾಗಿದ್ದೆ. ಪತ್ರ ಅಪ್‌ಲೋಡ್ ಮಾಡೋ ಲಿಂಕ್ ಅವರಿಗೆ ಯೂನಿವರ್ಸಿಟಿಯಿಂದ ನೇರವಾಗಿ ಹೋಗುತ್ತದೆ. ಅದು ಸ್ಪ್ಯಾಮ್‌ನಲ್ಲಿ ಬಿದ್ದಿತ್ತು. ಕೊನೆ ದಿನಕ್ಕೆ ಎರಡು ದಿನ ಇದ್ದಾಗ ಪೋರ್ಟಲ್‌ನಲ್ಲಿ ಇನ್ನೂ ಬಾಕಿ ಅಂತ ತೋರಿಸ್ತಿತ್ತು. ಅವರು ಪ್ರಯಾಣದಲ್ಲಿದ್ದರು, ಫೋನಲ್ಲೇ ಟೈಪ್ ಮಾಡಿ ಕಳಿಸಿದರು. ಅವರಿಗೆ ಅಷ್ಟು ಕಷ್ಟ ಕೊಟ್ಟೆನಲ್ಲ ಅಂತ ಈಗಲೂ ಬೇಜಾರಿದೆ.

ಲಿಂಕ್ ಯಾವ ವಿಳಾಸದಿಂದ ಬರುತ್ತೆ ಅಂತ ಮೇಲ್‌ನಲ್ಲೇ ಬರೆಯಿರಿ. ಲಿಂಕ್ ಹೋದ ದಿನವೇ "ಬಂತಾ ಮೇಡಂ?" ಅಂತ ಕೇಳಿ. ರೆಸ್ಯೂಮೆಯನ್ನು ಪಿಡಿಎಫ್ ಮಾಡಿ ಅಟ್ಯಾಚ್ ಮಾಡಿ. ನಾನು ಡ್ರೈವ್ ಲಿಂಕ್ ಕಳಿಸಿ, ತೆರೆಯಲು ಅನುಮತಿ ಕೊಡೋದೇ ಮರೆತಿದ್ದೆ.

ಕೇಳಿದವರು: ಅವರ ಯಾವ ಮೇಲ್ ಐಡಿ ಕೊಡಲಿ? ಹಳೇ ಕಂಪನಿಯದು ಈಗ ಇರಲ್ಲ.

ಹೋದ ವರ್ಷ ಅರ್ಜಿ ಹಾಕಿದವರು: ಈಗಿನ ಆಫೀಸ್ ಐಡಿ ಕೊಡಿ. ಕೆಲವು ಕಡೆ ವೈಯಕ್ತಿಕ ಐಡಿ ಒಪ್ಪೋದಿಲ್ಲ.

ಟೀಮ್ ನಡೆಸಿದವರು: ನನಗೆ ಅದು ಅಷ್ಟು ಸರಿ ಅನ್ನಿಸಲ್ಲ. ಹಳೇ ಕಂಪನಿಯ ಕೆಲಸದ ಬಗ್ಗೆ ಹೊಸ ಕಂಪನಿಯ ಮೇಲ್‌ನಿಂದ ಬರೆಯಲು ನಾನು ಹಿಂಜರಿದಿದ್ದೆ, ಲೆಟರ್‌ಹೆಡ್ ಅಂತೂ ಬಳಸಲೇ ಇಲ್ಲ. ಆಗ ಇದ್ದ ಹುದ್ದೆ, ಈಗಿನ ಹುದ್ದೆ ಎರಡನ್ನೂ ಪತ್ರದಲ್ಲಿ ಬರೆದೆ. ನೀವು ಯೂನಿವರ್ಸಿಟಿಯ ನಿಯಮ ನೋಡಿ, ಆಮೇಲೆ ಅವರನ್ನೇ ಕೇಳಿ. ಮೊದಲ ಮೇಲ್‌ನಲ್ಲೇ ಒಂದು ಸಾಲು ಹಾಕಿಬಿಡಿ: "ಲಿಂಕ್ ಯಾವ ಐಡಿಗೆ ಬರಲಿ ಸರ್?"