ಸಹಾಯ ಬೇಕು: ಅಪ್ಪನ ಹಳೆ ಫೋಟೋ ಎಲ್ಲಿಯದು?

ಅಪ್ಪ ತೀರಿಕೊಂಡ ಮೇಲೆ ಅವರ ಆಲ್ಬಂ ನೋಡುತ್ತಿದ್ದೇನೆ. ಒಂದು ಫೋಟೋದ ಹಿಂದೆ 'ಕುದುರೆಮುಖ' ಎಂದು ಬರೆದಿದೆ. ಹುಲ್ಲಿನ ಗುಡ್ಡ, ಕಣಿವೆಯಲ್ಲಿ ಶೋಲಾ ಕಾಡು, ಎಲ್ಲ ಹೊಂದುತ್ತದೆ. ಆದರೆ ಅಪ್ಪನ ಹಿಂದೆ ಬಂಡೆ ಮೇಲೆ ಕಾಡು ಮೇಕೆಯಂಥ ಪ್ರಾಣಿ ನಿಂತಿದೆ. ಗಿಡ್ಡ ಕೊಂಬು ಹಿಂದಕ್ಕೆ ಬಾಗಿದೆ, ಬೆನ್ನ ಮೇಲೆ ಬಿಳಿಚು ಪಟ್ಟೆ. ನೀಲಗಿರಿ ತಾರ್‌ನ ಬಲಿತ ಗಂಡು ಅಲ್ವಾ? ಅದು ಕಾಡಿನಲ್ಲಿರುವುದು ಕೇರಳ, ತಮಿಳುನಾಡಿನಲ್ಲಿ ಮಾತ್ರ. ಹಾಗಾದರೆ ಕುದುರೆಮುಖ ಆಗಲಾರದು.

ಪ್ರಾಣಿ ಇಷ್ಟೇ ಹೇಳುತ್ತದೆ. ಮುನ್ನಾರ್ ಬಳಿಯ ಇರವಿಕುಲಂ, ನೀಲಗಿರಿಯ ಮುಕುರ್ತಿ, ವಾಲ್ಪಾರೈ ಘಾಟಿ, ಮೂರೂ ಉಳಿಯುತ್ತವೆ. ಫೋಟೋದಲ್ಲಿ ಡಾಂಬರು ರಸ್ತೆಯ ತಿರುವು, ಕೆಳಗೆ ದೂರದಲ್ಲಿ ನೀರು ಕಾಣುತ್ತದೆ. ಅದು ವಾಲ್ಪಾರೈ ದಾರಿಯಿಂದ ಕಾಣುವ ಆಳಿಯಾರ್ ಜಲಾಶಯವೇ? ಆ ಕಡೆ ಓಡಾಡಿದವರು ದಯವಿಟ್ಟು ಗುಡ್ಡದ ಅಂಚು ಹೋಲಿಸಿ ಹೇಳಿ. ಅಮ್ಮನನ್ನು ಅಲ್ಲಿಗೆ ಕರೆದೊಯ್ಯಬೇಕು.